ತಪ್ಪು ಖಾತೆಗೆ ಹೋದ ಹಣ: ಹೊಣೆ ಯಾರದು, ದಾರಿ ಯಾವುದು?

ಚೆಕ್ಕು ಬರೆದುಕೊಡುತ್ತಿದ್ದ ಕಾಲದಲ್ಲಿ ಹಣ ಪಡೆಯುವವರ ಹೆಸರೇ ಮುಖ್ಯವಾಗಿತ್ತು. ಹೆಸರಿನ ಮೇಲೆ ಕಣ್ಣಾಡಿಸದೆ ಬೇರೊಬ್ಬರ ಖಾತೆಗೆ ಚೆಕ್ಕನ್ನು ಜಮೆ ಮಾಡಿದ ಬ್ಯಾಂಕು ತನ್ನ ನಿರ್ಲಕ್ಷ್ಯಕ್ಕೆ ಉತ್ತರ ಹೇಳಬೇಕಾಗುತ್ತಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 131ನೇ ಕಲಂ ಇಂಥ ಸಂದರ್ಭದಲ್ಲಿ ಬ್ಯಾಂಕಿಗೆ ರಕ್ಷಣೆ ನೀಡುವುದು, ಅದು ಪ್ರಾಮಾಣಿಕವಾಗಿ ಮತ್ತು ಎಚ್ಚರದಿಂದ ನಡೆದುಕೊಂಡಿದ್ದರೆ ಮಾತ್ರ. ವಿದ್ಯುನ್ಮಾನ ವರ್ಗಾವಣೆ ಬಂದ ಮೇಲೆ ಈ ಸ್ಥಿತಿ ತಲೆಕೆಳಗಾಗಿದೆ. ಈಗ ಹೆಸರು ಅಲಂಕಾರಕ್ಕೆ, ಸಂಖ್ಯೆಯೇ ಸರ್ವಸ್ವ. ಆ ಸಂಖ್ಯೆಯಲ್ಲಿ ಎರಡು ಅಂಕಿಗಳು ಸ್ಥಾನಪಲ್ಲಟವಾದರೆ ಏನಾಗುತ್ತದೆ, ಹೋದ ಹಣವನ್ನು ಮರಳಿ ಪಡೆಯಲು ಏನು ಮಾಡಬೇಕು, ಆ ದಾರಿ ಎಲ್ಲಿ ಕವಲೊಡೆದು ಎಲ್ಲಿ ಮುಚ್ಚಿಹೋಗುತ್ತದೆ ಎಂಬುದು ಕಳೆದುಕೊಂಡವರಿಗಲ್ಲದೆ ಉಳಿದವರಿಗೆ ತಿಳಿದಿರುವುದು ಕಡಿಮೆ.

ಇಂಥ ಪ್ರಕರಣಗಳ ಸಾಮಾನ್ಯ ಲಕ್ಷಣಗಳನ್ನು ಒಟ್ಟುಗೂಡಿಸಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರು ಮನೆ ಕಟ್ಟಿಸುತ್ತಿದ್ದಾರೆ. ತಾರಸಿ ಹಾಕುವ ಹಂತದಲ್ಲಿ ಗುತ್ತಿಗೆದಾರರಿಗೆ 1,80,000 ರೂಪಾಯಿ ಕೊಡಬೇಕು. ಅವರು ಫೋನಿನಲ್ಲಿ ಖಾತೆ ಸಂಖ್ಯೆ ಹೇಳುತ್ತಾರೆ, ಈಕೆ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವಾಗ ನಡುವಿನ 46 ಎಂಬುದು 64 ಆಗುತ್ತದೆ. ಶುಕ್ರವಾರ ಮಧ್ಯಾಹ್ನ ತಮ್ಮ ಶಾಖೆಗೆ ಹೋಗಿ ನೆಫ್ಟ್ ಅರ್ಜಿ ತುಂಬುತ್ತಾರೆ. ಅರ್ಜಿಯಲ್ಲಿ ಸಂಖ್ಯೆಯನ್ನು ಎರಡು ಬಾರಿ ಬರೆಯಲು ಸ್ಥಳವಿದೆ. ಎರಡು ಬಾರಿಯೂ ಅದೇ ಚೀಟಿಯನ್ನು ನೋಡಿ ಬರೆಯುವುದರಿಂದ ಎರಡೂ ಒಂದಕ್ಕೊಂದು ಹೊಂದುತ್ತವೆ. ಎರಡು ಸಲ ಬರೆಸುವ ಈ ಕ್ರಮ ಕೈತಪ್ಪನ್ನು ಹಿಡಿಯಬಲ್ಲದೇ ಹೊರತು ಚೀಟಿಯ ತಪ್ಪನ್ನು ಹಿಡಿಯಲಾರದು. ಸಂಜೆ ಹಣ ಜಮೆಯಾಯಿತೆಂಬ ಸಂದೇಶವೂ ಬರುತ್ತದೆ. ಶನಿವಾರ ಬೆಳಿಗ್ಗೆ ಗುತ್ತಿಗೆದಾರರು ಫೋನು ಮಾಡಿ, ‘ಮೇಡಂ, ದುಡ್ಡು ಬಂದಿಲ್ಲವಲ್ಲ’ ಎನ್ನುತ್ತಾರೆ.

ಆ ಶಿಕ್ಷಕಿಗೆ ಮೊದಲು ಹೊಳೆಯುವ ಪ್ರಶ್ನೆ ಸಹಜವಾದದ್ದು: ಅರ್ಜಿಯಲ್ಲಿ ಗುತ್ತಿಗೆದಾರರ ಹೆಸರನ್ನು ಸ್ಪಷ್ಟವಾಗಿ ಬರೆದಿದ್ದೆನಲ್ಲ, ಆ ಹೆಸರಿನವರಲ್ಲದವರ ಖಾತೆಗೆ ಹಣ ಹೋದದ್ದಾದರೂ ಹೇಗೆ? ಇದಕ್ಕೆ ಉತ್ತರ ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ಹೆಸರನ್ನು ಕಡ್ಡಾಯವಾಗಿ ನಮೂದಿಸಬೇಕು, ಆದರೆ ಜಮೆ ಮಾಡುವಾಗ ಖಾತೆ ಸಂಖ್ಯೆಯನ್ನು ಮಾತ್ರ ಆಧರಿಸಿದರೆ ಸಾಕು, ಸಂಖ್ಯೆಯನ್ನು ಸರಿಯಾಗಿ ಒದಗಿಸುವ ಹೊಣೆ ಹಣ ಕಳುಹಿಸುವವರದೇ ಎಂದು ಅದು ವಿಧಿಸಿತು. ಅದಕ್ಕೆ ಕೊಟ್ಟ ಕಾರಣ ತೀರ ಅಸಂಗತವೇನಲ್ಲ. ನಮ್ಮ ದೇಶದಲ್ಲಿ ಒಬ್ಬರ ಹೆಸರನ್ನು ಹತ್ತು ಬಗೆಯಲ್ಲಿ ಬರೆಯುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ಎಸ್.ಎನ್. ಮಂಜುನಾಥ, ಚೀಟಿಯಲ್ಲಿ ಮಂಜುನಾಥಯ್ಯ, ಆಧಾರ್‌ನಲ್ಲಿ ಊರು ಮತ್ತು ತಂದೆಯ ಹೆಸರು ಸೇರಿದ ಮೂರು ಪದಗಳ ಮಂಜುನಾಥ್. ಯಂತ್ರಕ್ಕೆ ಇವರು ಮೂವರು. ಪ್ರತಿ ಹೆಸರನ್ನೂ ಸಿಬ್ಬಂದಿ ಕಣ್ಣಿನಿಂದ ಹೋಲಿಸುತ್ತಾ ಕೂತರೆ ವರ್ಗಾವಣೆ ತಡವಾಗುತ್ತದೆ. ವೇಗಕ್ಕಾಗಿ ಹೆಸರನ್ನು ಬಲಿಕೊಡಲಾಯಿತು. ಆ ವೇಗದ ಲಾಭ ಎಲ್ಲರಿಗೂ ಸಿಕ್ಕಿದೆ, ನಿಜ. ಆದರೆ ಅದರ ಅಪಾಯ ಮಾತ್ರ ಇಡಿಯಾಗಿ ಗ್ರಾಹಕರ ಹೆಗಲೇರಿತು.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ. ತಪ್ಪು ಖಾತೆಗೆ ಜಮೆಯಾದದ್ದು ಕಂಡುಬಂದರೆ ಅದನ್ನು ಸರಿಪಡಿಸಲು ಬ್ಯಾಂಕುಗಳು ಸದೃಢವೂ ಪಾರದರ್ಶಕವೂ ಕ್ಷಿಪ್ರವೂ ಆದ ದೂರು ಪರಿಹಾರ ವ್ಯವಸ್ಥೆಯನ್ನು ಹೊಂದಿರಬೇಕು ಎಂಬುದು ಆ ಮಾತು. ‘ತಪ್ಪು ನಿಮ್ಮದು, ನಾವೇನೂ ಮಾಡಲಾಗದು’ ಎಂದು ಕೌಂಟರಿನಲ್ಲಿ ಕೈಯಾಡಿಸುವ ಸಿಬ್ಬಂದಿ ಸುತ್ತೋಲೆಯ ಮೊದಲರ್ಧವನ್ನು ಮಾತ್ರ ಓದಿಕೊಂಡವರು. ದೂರು ಬರೆಯುವಾಗ ಈ ಉತ್ತರಾರ್ಧವನ್ನು ನೆನಪಿಸುವುದು ಉಪಯುಕ್ತ.

ಹಣ ನಿಜವಾಗಿ ಮತ್ತೊಬ್ಬರ ಖಾತೆಗೆ ಹೋಗಿದೆಯೋ ಅಥವಾ ದಾರಿಯಲ್ಲಿ ನಿಂತಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬರೆದ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ಅಥವಾ ಅದು ಮುಚ್ಚಿಹೋಗಿದ್ದರೆ ಭಯಪಡಬೇಕಾದ್ದಿಲ್ಲ. ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಅರ್ಧ ಗಂಟೆಗೊಂದು ಕಂತಿನಂತೆ ನಡೆಯುತ್ತಿದೆ. ಜಮೆ ಮಾಡಲಾಗದ ಹಣವನ್ನು ಆ ಕಂತು ಇತ್ಯರ್ಥವಾದ ಎರಡು ಗಂಟೆಯೊಳಗೆ ಸ್ವೀಕರಿಸಿದ ಬ್ಯಾಂಕು ಹಿಂದಿರುಗಿಸಬೇಕು. ತಡವಾದರೆ ರೆಪೊ ದರಕ್ಕಿಂತ ಶೇ. 2ರಷ್ಟು ಹೆಚ್ಚಿನ ಬಡ್ಡಿಯನ್ನು ಅದು ತೆರಬೇಕು. ಎರಡು ಗಂಟೆ ಕಳೆದರೂ ಹಣ ಮರಳದೆ, ಜಮೆಯಾಯಿತೆಂಬ ಖಚಿತ ಸಂದೇಶ ಬಂದಿದ್ದರೆ ಅದು ಯಾವುದೋ ಒಂದು ಜೀವಂತ ಖಾತೆಯನ್ನು ಸೇರಿದೆ ಎಂದೇ ಅರ್ಥ. ನಮ್ಮ ಶಿಕ್ಷಕಿಯ ಸ್ಥಿತಿ ಇದೇ. ಅನೇಕ ಬ್ಯಾಂಕುಗಳ ಖಾತೆ ಸಂಖ್ಯೆಯೊಳಗೆ ಶಾಖೆಯ ಗುರುತೂ ಅಡಗಿರುತ್ತದೆ. ಹಾಗಾಗಿ ನಡುವಿನ ಎರಡು ಅಂಕಿಗಳು ಬದಲಾದರೆ ಹಣ ನೆರೆಮನೆಯವರಿಗಲ್ಲ, ಎಂದೂ ಕಂಡಿರದ ಊರಿನವರಿಗೆ ಹೋಗುತ್ತದೆ. ಇಲ್ಲಿ ಅದು ಕಲಬುರಗಿಯ ಶಾಖೆಯೊಂದಕ್ಕೆ ಹೋಗಿದೆ ಎಂದುಕೊಳ್ಳೋಣ.

ಇಂಥ ತಪ್ಪಿಗೆ ರಿಸರ್ವ್ ಬ್ಯಾಂಕಿನ ‘ವಿಫಲ ವಹಿವಾಟು’ ನಿಯಮಗಳು ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಖಾತೆಯಿಂದ ಹಣ ಕಡಿತಗೊಂಡು ಎಲ್ಲಿಗೂ ತಲುಪದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಗೊತ್ತುಮಾಡಿದ್ದು ಅನೇಕರಿಗೆ ತಿಳಿದಿದೆ. ಆದರೆ ಅದು ಯಂತ್ರ ಎಡವಿದಾಗಿನ ಮಾತು. ತಪ್ಪು ಖಾತೆಗೆ ಹೋದ ವಹಿವಾಟು ಬ್ಯಾಂಕಿನ ಲೆಕ್ಕದಲ್ಲಿ ವಿಫಲವಲ್ಲ, ಪರಮ ಸಫಲ!

ಶನಿವಾರ ಬೆಳಿಗ್ಗೆಯೇ ಆಕೆ ಮಾಡಬೇಕಾದ ಕೆಲಸ ಒಂದು: ತಮ್ಮ ಬ್ಯಾಂಕಿಗೆ ಫೋನು ಮಾಡಿ ದೂರಿನ ಸಂಖ್ಯೆ ಪಡೆಯುವುದು, ಅಂದೇ ಲಿಖಿತ ದೂರನ್ನೂ ಕೊಡುವುದು. ಶಾಖೆ ಮುಚ್ಚಿದ್ದರೆ ಇ-ಮೇಲ್ ಆದರೂ ಸರಿ. ದೂರಿನಲ್ಲಿ ಗೋಳು ಕಡಿಮೆಯಿರಲಿ, ವಿವರ ಹೆಚ್ಚಿರಲಿ. ವಹಿವಾಟಿನ ದಿನಾಂಕ, ಸಮಯ, ಮೊತ್ತ. ಯುಟಿಆರ್ ಎಂದು ಕರೆಯುವ ವಹಿವಾಟಿನ ಸಂಖ್ಯೆ. ತಪ್ಪಾಗಿ ಬರೆದ ಖಾತೆ ಸಂಖ್ಯೆ, ಅದರ ಪಕ್ಕದಲ್ಲೇ ಸರಿಯಾದ ಸಂಖ್ಯೆ. ಗುತ್ತಿಗೆದಾರರೊಂದಿಗಿನ ಒಪ್ಪಂದ ಅಥವಾ ಬಿಲ್ಲಿನ ಪ್ರತಿ. ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವುದರ ಮಹತ್ವ ದೊಡ್ಡದು. ಎಲ್ಲ ಅಂಕಿಗಳೂ ಒಂದೇ ಆಗಿದ್ದು ಎರಡು ಮಾತ್ರ ಅದಲುಬದಲಾಗಿರುವುದನ್ನು ನೋಡಿದ ಯಾರಿಗಾದರೂ ಇದು ನೆಪವಲ್ಲ, ಕಣ್ತಪ್ಪು ಎಂಬುದು ಮನವರಿಕೆಯಾಗುತ್ತದೆ. ಕೊನೆಯಲ್ಲಿ ಎರಡು ಬೇಡಿಕೆಗಳು ಸ್ಪಷ್ಟವಾಗಿರಬೇಕು: ಹಣ ಹಿಂದಿರುಗಿಸುವಂತೆ ಸ್ವೀಕರಿಸಿದ ಬ್ಯಾಂಕಿಗೆ ಕೂಡಲೇ ಕೋರಿಕೆ ಕಳುಹಿಸಬೇಕು, ಅಲ್ಲಿಯವರೆಗೆ ಆ ಖಾತೆಯಲ್ಲಿರುವ ಅಷ್ಟು ಮೊತ್ತಕ್ಕೆ ತಡೆ ಹಾಕಲು ಕೇಳಬೇಕು. ಈ ತಡೆಯನ್ನು ಬ್ಯಾಂಕಿನವರು ಲೀನ್ ಎನ್ನುತ್ತಾರೆ. ಅದೇ ಪತ್ರದ ಪ್ರತಿಯನ್ನು ಸ್ವೀಕರಿಸಿದ ಶಾಖೆಗೂ ನೇರವಾಗಿ ಕಳುಹಿಸಬೇಕು. ಬರೆದುಕೊಟ್ಟ ಐಎಫ್‌ಎಸ್‌ಸಿ ಕೋಡಿನಿಂದ ಬ್ಯಾಂಕು ತಿಳಿಯುತ್ತದೆ. ಖಾತೆ ಯಾವ ಶಾಖೆಯದೆಂಬುದನ್ನು ಆ ಬ್ಯಾಂಕಿನ ಯಾವುದೇ ಶಾಖೆಯ ಸಿಬ್ಬಂದಿ ಸಂಖ್ಯೆ ನೋಡಿ ಹೇಳಬಲ್ಲರು.

ಇಲ್ಲಿಂದ ಮುಂದಿನದು ಕಷ್ಟದ ದಾರಿ. ಮೈಸೂರಿನ ಬ್ಯಾಂಕು ಕಲಬುರಗಿಯ ಬ್ಯಾಂಕಿಗೆ ಕೋರಿಕೆ ಕಳುಹಿಸುತ್ತದೆ. ಆ ಬ್ಯಾಂಕು ತನ್ನ ಗ್ರಾಹಕರಿಗೆ ಫೋನು ಮಾಡಿ, ‘ನಿಮ್ಮ ಖಾತೆಗೆ ಬಂದಿರುವ ಹಣ ನಿಮ್ಮದಲ್ಲವಂತೆ, ಹಿಂದಿರುಗಿಸಲು ಒಪ್ಪಿಗೆ ಕೊಡಿ’ ಎನ್ನುತ್ತದೆ. ಒಪ್ಪಿಗೆಪತ್ರ ಸಿಕ್ಕಿದರೆ ಒಂದೆರಡು ದಿನದಲ್ಲಿ ಹಣ ಮರಳುತ್ತದೆ, ಎಷ್ಟೋ ಪ್ರಕರಣಗಳು ಹೀಗೆಯೇ ಸುಖಾಂತ್ಯ ಕಾಣುತ್ತವೆ. ಆದರೆ ಫೋನು ಎತ್ತದಿದ್ದರೆ? ಸಂಖ್ಯೆಯೇ ಬದಲಾಗಿದ್ದರೆ? ಖಾತೆದಾರರು ತೀರಿಕೊಂಡಿದ್ದರೆ? ಅಥವಾ ‘ಅದು ನನಗೆ ಬರಬೇಕಾದ ಹಣವೇ’ ಎಂದುಬಿಟ್ಟರೆ? ಒಪ್ಪಿಗೆಯಿಲ್ಲದೆ ಗ್ರಾಹಕರ ಖಾತೆಯಿಂದ ಹಣ ತೆಗೆಯಲಾಗದು ಎಂದು ಬ್ಯಾಂಕು ಕೈಚೆಲ್ಲುತ್ತದೆ. ಮೂರನೆಯವರ ಮಾತು ನಂಬಿ ಖಾತೆಗೆ ಕೈಹಾಕುವ ಬ್ಯಾಂಕನ್ನು ನಾವೂ ಬಯಸಲಾರೆವು, ಆದ್ದರಿಂದ ಈ ನಿಲುವಿನಲ್ಲಿ ತಥ್ಯವಿದೆ. ಆದರೆ ಹಣ ತೆಗೆಯುವುದು ಬೇರೆ, ವಿಚಾರಣೆ ಮುಗಿಯುವವರೆಗೆ ಹೊರಹೋಗದಂತೆ ತಡೆಯುವುದು ಬೇರೆ. ಕೆಲವು ಬ್ಯಾಂಕುಗಳು ತಡೆ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಈ ನಡುವೆ ಕಲಬುರಗಿಯ ಖಾತೆಯಿಂದ ಮೂರು ದಿನಗಳಲ್ಲಿ 60,000 ರೂಪಾಯಿ ಎಟಿಎಂ ಮೂಲಕ ಹೊರಗೆ ಹೋಗಿರುತ್ತದೆ. ತಡೆ ಬೀಳುವುದು ಉಳಿದ 1,20,000ಕ್ಕೆ ಮಾತ್ರ. ಕೋರಿಕೆಗೆ ಪ್ರತಿ ದಿನದ ವಿಳಂಬವೂ ಹೀಗೆ ರೂಪಾಯಿಗಳಲ್ಲಿ ಲೆಕ್ಕವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹಣ ಸೇರಿದ ಖಾತೆ ಓವರ್‌ಡ್ರಾಫ್ಟ್ ಖಾತೆಯಾಗಿದ್ದರೆ ಅಥವಾ ಬಾಕಿಯಿರುವ ಸಾಲದ ಖಾತೆಯಾಗಿದ್ದರೆ ಬಂದ ಹಣ ತಾನಾಗಿಯೇ ಸಾಲಕ್ಕೆ ವಜಾ ಆಗುತ್ತದೆ. ಆಗ ಶಿಕ್ಷಕಿಯ ಹಣದಿಂದ ಲಾಭ ಪಡೆದದ್ದು ಖಾತೆದಾರರಷ್ಟೇ ಅಲ್ಲ, ಬ್ಯಾಂಕು ಕೂಡ. ‘ಖಾತೆಯಲ್ಲಿ ಹಣವಿಲ್ಲ’ ಎಂಬ ಉತ್ತರ ಬಂದಾಗ, ಅದು ಹೊರಗೆ ಹೋಯಿತೋ ಅಥವಾ ಸಾಲಕ್ಕೆ ಜಮೆಯಾಯಿತೋ ಎಂದು ಲಿಖಿತವಾಗಿ ಕೇಳಲು ಮರೆಯಬಾರದು.

ಬ್ಯಾಂಕುಗಳ ಅಸಹಾಯಕತೆ ಎಷ್ಟು ನಿಜ ಎಂಬುದನ್ನು ಅಳೆಯಲು ಒಂದು ಹೋಲಿಕೆ ಸಾಕು. 2023ರ ನವೆಂಬರ್ 10ರಿಂದ 13ರ ನಡುವೆ ಯೂಕೊ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆಯಲ್ಲಿ ತೊಡಕು ಉಂಟಾಗಿ, ಅದರ ಗ್ರಾಹಕರ ಖಾತೆಗಳಿಗೆ ಸುಮಾರು 820 ಕೋಟಿ ರೂಪಾಯಿ ತಪ್ಪಾಗಿ ಜಮೆಯಾಯಿತು. ಬ್ಯಾಂಕು ಆ ಖಾತೆಗಳಿಗೆ ತಡೆ ಹಾಕಿ, ಕೆಲವೇ ದಿನಗಳಲ್ಲಿ ಸುಮಾರು 649 ಕೋಟಿಯನ್ನು, ಅಂದರೆ ಶೇ. 79ರಷ್ಟನ್ನು ವಸೂಲು ಮಾಡಿದ್ದಾಗಿ ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಿತು. ಮುಂದೆ ಸಿಬಿಐ ತನಿಖೆಯೂ ನಡೆಯಿತು. 2021ರಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯಲ್ಲಿ ಗ್ರಾಮೀಣ ಬ್ಯಾಂಕೊಂದು ಒಬ್ಬರ ಖಾತೆಗೆ 5.5 ಲಕ್ಷ ರೂಪಾಯಿಯನ್ನು ತಪ್ಪಾಗಿ ಜಮೆ ಮಾಡಿತು. ಪ್ರಧಾನಿಯವರು ಕಳುಹಿಸಿದ ಮೊದಲ ಕಂತೆಂದು ಭಾವಿಸಿ ಖರ್ಚು ಮಾಡಿದೆ, ಈಗ ಹಿಂದಿರುಗಿಸಲಾರೆ ಎಂದ ಆ ವ್ಯಕ್ತಿಯನ್ನು ಪೊಲೀಸರು ಬಂಧಿಸಿದರು. ಸುದ್ದಿ ಓದಿ ನಕ್ಕವರೇ ಹೆಚ್ಚು. ಆದರೆ ಎರಡು ಪ್ರಕರಣಗಳಲ್ಲೂ ಕಾಣುವ ಸಂಗತಿ ಒಂದೇ: ತಪ್ಪು ಬ್ಯಾಂಕಿನದಾಗಿದ್ದಾಗ ಖಾತೆದಾರರ ಒಪ್ಪಿಗೆ ಒಂದು ದೊಡ್ಡ ಅಡ್ಡಿಯಾಗಲಿಲ್ಲ. ಬ್ಯಾಂಕು ತನ್ನ ತಪ್ಪು ನಮೂದನ್ನು ತಾನೇ ತಿದ್ದಿಕೊಳ್ಳುವುದಕ್ಕೂ ಗ್ರಾಹಕರ ಆದೇಶವನ್ನು ಹಿಂತೆಗೆಯುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ ಎಂಬುದು ಸರಿ. ಆದರೂ ತಡೆ ಹಾಕುವ ಗುಂಡಿ ಎಲ್ಲಿದೆ ಎಂಬುದು ಬ್ಯಾಂಕುಗಳಿಗೆ ಚೆನ್ನಾಗಿ ಗೊತ್ತಿದೆ.

ಹಾಗೆಂದು ಹಣ ಸ್ವೀಕರಿಸಿದವರೆಲ್ಲ ಕಳ್ಳರೆಂದು ಭಾವಿಸುವುದು ಅನ್ಯಾಯ. ‘ನಿಮ್ಮ ಖಾತೆಗೆ ತಪ್ಪಾಗಿ ಹಣ ಹಾಕಿದ್ದೇನೆ, ಈ ಸಂಖ್ಯೆಗೆ ವಾಪಸು ಕಳುಹಿಸಿ’ ಎಂಬ ಕರೆ ವಂಚಕರ ಹಳೆಯ ತಂತ್ರವೂ ಹೌದು. ಕೆಲವೊಮ್ಮೆ ಹಣ ಬಂದೇ ಇರುವುದಿಲ್ಲ, ಬಂದಂತೆ ತೋರಿಸುವ ನಕಲಿ ಸಂದೇಶವಷ್ಟೇ ಬಂದಿರುತ್ತದೆ. ಕೆಲವೊಮ್ಮೆ ಬಂದ ಹಣ ಯಾರಿಂದಲೋ ಕದ್ದದ್ದಾಗಿದ್ದು, ಅದನ್ನು ಮೂರನೆಯವರಿಗೆ ದಾಟಿಸಿದವರೇ ತನಿಖೆಯಲ್ಲಿ ಸಿಕ್ಕಿಬೀಳುತ್ತಾರೆ. ಹೀಗಾಗಿ ಅಪರಿಚಿತರ ಹಣ ಬಂದರೆ ನೇರವಾಗಿ ಯಾರಿಗೂ ಕಳುಹಿಸದೆ, ಅದನ್ನು ಮುಟ್ಟದೆ, ಬಂದ ದಾರಿಯಲ್ಲೇ ಹಿಂದಿರುಗಿಸುವಂತೆ ತಮ್ಮ ಬ್ಯಾಂಕಿಗೆ ಬರೆದುಕೊಡುವುದೇ ಸುರಕ್ಷಿತ. ಕಳುಹಿಸಿದವರೂ ಇದನ್ನು ಅರಿತಿರಬೇಕು. ಕಲಬುರಗಿಯ ಖಾತೆದಾರರು ಶಿಕ್ಷಕಿಯ ಕರೆಯನ್ನು ನಂಬದಿದ್ದರೆ ಅದು ದುರಾಸೆಯಿಂದಲೇ ಇರಬೇಕೆಂದಿಲ್ಲ, ಭಯದಿಂದಲೂ ಇರಬಹುದು. ಬ್ಯಾಂಕಿನ ಅಧಿಕೃತ ಪತ್ರ ಈ ಭಯವನ್ನು ನಿವಾರಿಸಬಲ್ಲದು, ಫೋನಿನ ಜಗಳವಲ್ಲ. ಇದೇ ಕಾರಣಕ್ಕೆ, ಬೇಗ ತಡೆ ಬೀಳಲೆಂದು 1930 ಸಹಾಯವಾಣಿಗೆ ಕರೆಮಾಡಿ ‘ವಂಚನೆಯಾಗಿದೆ’ ಎಂದು ಸುಳ್ಳು ಹೇಳುವುದೂ ತರವಲ್ಲ. ಅದು ಸೈಬರ್ ವಂಚನೆಗೆ ಇರುವ ವ್ಯವಸ್ಥೆ. ಅಲ್ಲಿ ಹೇಳಿದ ಸುಳ್ಳು ಮುಂದೆ ನ್ಯಾಯಾಲಯದಲ್ಲಿ ದೂರುದಾರರನ್ನೇ ಕಾಡುತ್ತದೆ.

ಮೂವತ್ತು ದಿನಗಳಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ನೀಡಬಹುದು. cms.rbi.org.in ತಾಣದಲ್ಲಿ ಸಲ್ಲಿಸಬಹುದಾದ ಈ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಓಂಬುಡ್ಸ್‌ಮನ್ ಅವರಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಸ್ಪಷ್ಟವಿರಲಿ. ಅವರು ಪರಿಶೀಲಿಸುವುದು ಬ್ಯಾಂಕಿನ ಸೇವೆಯಲ್ಲಿನ ಕೊರತೆಯನ್ನು. ಕಲಬುರಗಿಯ ಖಾತೆದಾರರಿಗೆ ಹಣ ಕೊಡಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ‘ನನ್ನ ಹಣ ಕೊಡಿಸಿ’ ಎಂದಷ್ಟೇ ಬರೆದರೆ, ತಪ್ಪು ಅರ್ಜಿದಾರರದೇ ಎಂಬ ಕಾರಣಕ್ಕೆ ದೂರು ಅಲ್ಲಿಯೇ ಮುಗಿಯುವ ಸಂಭವ ಹೆಚ್ಚು. ಶನಿವಾರ ದೂರು ಕೊಟ್ಟರೂ ಕೋರಿಕೆ ಹೊರಟದ್ದು ಬುಧವಾರ, ಆ ಅವಧಿಯಲ್ಲಿ 60,000 ರೂಪಾಯಿ ಕೈತಪ್ಪಿತು, ಸ್ವೀಕರಿಸಿದ ಬ್ಯಾಂಕು ನನ್ನ ಪತ್ರಕ್ಕೆ ಉತ್ತರಿಸಲಿಲ್ಲ ಎಂದು ದಿನಾಂಕ ಸಮೇತ ಬರೆದರೆ ಅದು ಸೇವೆಯ ಕೊರತೆಯ ದೂರಾಗುತ್ತದೆ. ಮೊದಲ ದಿನದ ದೂರಿನ ಸಂಖ್ಯೆಗೆ ಬೆಲೆ ಬರುವುದು ಇಲ್ಲಿ.

2025ರಿಂದ ಈ ವಾದಕ್ಕೆ ಇನ್ನೊಂದು ಆಧಾರವೂ ದೊರೆತಿದೆ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳುಹಿಸುವ ಮುನ್ನ, ಆ ಸಂಖ್ಯೆಯ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ತೋರಿಸುವ ಸೌಲಭ್ಯವನ್ನು ಅದೇ ವರ್ಷದ ಏಪ್ರಿಲ್ 1ರ ಒಳಗೆ ಉಚಿತವಾಗಿ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಬ್ಯಾಂಕುಗಳಿಗೆ ಸೂಚಿಸಿತು. ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಇಂಥ ಅನುಕೂಲ ಮೊದಲೇ ಇತ್ತು. ಮೊಬೈಲಿನಲ್ಲಿ ಮಾತ್ರವಲ್ಲ, ಶಾಖೆಗೆ ಬಂದು ಅರ್ಜಿ ತುಂಬುವವರಿಗೂ ಇದು ದೊರೆಯಬೇಕು. ನಮ್ಮ ಶಿಕ್ಷಕಿಯ ಅರ್ಜಿ ಪಡೆದ ಸಿಬ್ಬಂದಿ ಪರದೆಯಲ್ಲಿ ಹೆಸರನ್ನು ತೆಗೆದು ಆಕೆಗೆ ತೋರಿಸಿದ್ದರೆ, ಗುತ್ತಿಗೆದಾರರ ಹೆಸರಿಗೂ ಅದಕ್ಕೂ ಸಂಬಂಧವಿಲ್ಲವೆಂಬುದು ಅಲ್ಲೇ ತಿಳಿಯುತ್ತಿತ್ತು. ಹೆಸರನ್ನು ಹೋಲಿಸುವುದು ಅಸಾಧ್ಯವೆಂಬ ಕಾರಣಕ್ಕೆ 2010ರಲ್ಲಿ ಗ್ರಾಹಕರ ಮೇಲೆ ಹೊರಿಸಿದ ಹೊಣೆಯನ್ನು, ಹೆಸರು ಒಂದು ಕ್ಷಣದಲ್ಲಿ ಕಾಣುವ ಈ ಕಾಲದಲ್ಲೂ ಹಾಗೆಯೇ ಉಳಿಸಿಕೊಳ್ಳುವುದು ನ್ಯಾಯವೇ? ಹೆಸರು ತೋರಿಸಲಾಯಿತೇ, ಇಲ್ಲವೇ ಎಂಬುದು ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ. ಅಂಥ ಪ್ರತಿ ವಿಚಾರಣೆಗೂ ಒಂದು ವಿಶಿಷ್ಟ ಸಂಖ್ಯೆ ಇರುತ್ತದೆ. ವ್ಯಾಜ್ಯ ಬಂದರೆ ಎರಡೂ ಬ್ಯಾಂಕುಗಳು ಆ ಸಂಖ್ಯೆ ಮತ್ತು ದಾಖಲೆಗಳ ಆಧಾರದ ಮೇಲೆ ಇತ್ಯರ್ಥಪಡಿಸಿಕೊಳ್ಳಬೇಕೆಂದು ಸುತ್ತೋಲೆಯೇ ಹೇಳುತ್ತದೆ. ದೂರಿನಲ್ಲಿ ಆ ದಾಖಲೆಯನ್ನು ಕೇಳಬೇಕು. ಆದರೆ ಈ ಸೌಲಭ್ಯ ಬೇಲಿಯಲ್ಲ, ಬರಿಯ ಫಲಕ. ತಾಂತ್ರಿಕ ಕಾರಣದಿಂದ ಹೆಸರು ಕಾಣದಿದ್ದರೂ ಕಳುಹಿಸುವವರು ತಮ್ಮ ವಿವೇಚನೆಯಂತೆ ಮುಂದುವರಿಯಬಹುದು. ಬೇರೆ ಹೆಸರು ಕಂಡಾಗ ‘ಅವರ ಹೆಂಡತಿಯ ಖಾತೆಯಿರಬೇಕು’ ಎಂದುಕೊಂಡು ಒಪ್ಪಿಗೆ ಕೊಟ್ಟವರಿಗೆ ಇದರಿಂದ ಲಾಭವಿಲ್ಲ, ಅವರ ಪ್ರಕರಣ ಮೊದಲಿಗಿಂತ ದುರ್ಬಲವಾಗುತ್ತದೆ.

ಎಲ್ಲ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ನ್ಯಾಯಾಲಯ. ವಿಚಿತ್ರವೆಂದರೆ ಕಾನೂನು ಸಂಪೂರ್ಣವಾಗಿ ಶಿಕ್ಷಕಿಯ ಪರವಾಗಿದೆ. 1872ರ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿನಿಂದ ಹಣ ಪಡೆದವರು ಅದನ್ನು ಹಿಂದಿರುಗಿಸಲೇಬೇಕು. ಎರಡು ಪಕ್ಷಗಳ ನಡುವೆ ಒಪ್ಪಂದವೇನೂ ಇರಬೇಕಿಲ್ಲ, ಪಡೆದವರು ಮೋಸ ಮಾಡಿರಬೇಕೆಂದೂ ಇಲ್ಲ. ಕಳುಹಿಸಿದವರ ಅಜಾಗರೂಕತೆ ಪಡೆದವರಿಗೆ ಹಣದ ಮೇಲೆ ಹಕ್ಕು ತಂದುಕೊಡುವುದಿಲ್ಲ. ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿಯಿದೆ. ಹಣ ಮೈಸೂರಿನಿಂದಲೇ ಹೋದದ್ದರಿಂದ, ವ್ಯಾಜ್ಯದ ಕಾರಣ ಭಾಗಶಃ ಇಲ್ಲಿಯೇ ಉದ್ಭವಿಸಿದೆ ಎಂದು ಮೈಸೂರಿನಲ್ಲೇ ದಾವೆ ಹೂಡಲು ವಾದಿಸಬಹುದು.

ಆದರೆ ಯಾರ ವಿರುದ್ಧ? ಇದೇ ಈ ಇಡೀ ಪ್ರಸಂಗದ ಮರ್ಮಸ್ಥಾನ. ಹಣ ಪಡೆದವರ ಹೆಸರು, ವಿಳಾಸ ಕೇಳಿದರೆ ಬ್ಯಾಂಕು ಗೋಪ್ಯತೆಯ ಕಾರಣ ನೀಡಿ ನಿರಾಕರಿಸುತ್ತದೆ. ರಾಷ್ಟ್ರೀಕೃತ ಬ್ಯಾಂಕುಗಳ ಮಟ್ಟಿಗೆ 1970ರ ಕಾಯ್ದೆಯ 13ನೇ ಕಲಂ ಗ್ರಾಹಕರ ಮಾಹಿತಿಯನ್ನು ಗುಟ್ಟಾಗಿಡಬೇಕೆನ್ನುತ್ತದೆ. ಅದೇ ಕಲಂ, ಕಾನೂನಿನ ಅಥವಾ ಬ್ಯಾಂಕಿಂಗ್ ವ್ಯವಹಾರದ ರೂಢಿಯ ಪ್ರಕಾರ ಅಗತ್ಯವೋ ಉಚಿತವೋ ಆದಾಗ ತಿಳಿಸಬಹುದೆಂದೂ ಹೇಳುತ್ತದೆ. ಆ ಎರಡನೆಯ ಭಾಗವನ್ನು ಬಳಸುವ ಧೈರ್ಯ ಶಾಖಾ ವ್ಯವಸ್ಥಾಪಕರಿಗೆ ಇರುವುದಿಲ್ಲ, ಇರಲೆಂದು ನಿರೀಕ್ಷಿಸುವುದೂ ತಪ್ಪು. ಹಣ ಹೋದದ್ದು ಯಾರಿಗೆಂದು ಬ್ಯಾಂಕಿಗೆ ಗೊತ್ತು, ಹಣದ ಮೇಲೆ ಹಕ್ಕು ಯಾರಿಗಿದೆ ಎಂದು ಕಾನೂನಿಗೆ ಗೊತ್ತು. ಎರಡೂ ಒಂದೆಡೆ ಸೇರುವುದಿಲ್ಲ.

ಈ ಗಂಟನ್ನು ಬಿಡಿಸಲು ವಕೀಲರು ಬಳಸಬಹುದಾದ ದಾರಿಯೊಂದಿದೆ. ಪ್ರತಿವಾದಿಯ ಹೆಸರು ಮತ್ತು ವಾಸಸ್ಥಳವನ್ನು ವಾದಿಗೆ ‘ತಿಳಿಯಲು ಸಾಧ್ಯವಾದಷ್ಟು ಮಟ್ಟಿಗೆ’ ನಮೂದಿಸಿದರೆ ಸಾಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 1ನೇ ನಿಯಮ ಹೇಳುತ್ತದೆ. ಆದ್ದರಿಂದ ‘ಇಂಥ ಬ್ಯಾಂಕಿನ ಇಂಥ ಸಂಖ್ಯೆಯ ಖಾತೆದಾರರು’ ಎಂದು ಒಬ್ಬ ಪ್ರತಿವಾದಿಯನ್ನೂ, ಆ ಬ್ಯಾಂಕನ್ನು ಇನ್ನೊಬ್ಬ ಪ್ರತಿವಾದಿಯನ್ನಾಗಿಯೂ ಮಾಡಿ ದಾವೆ ಸಲ್ಲಿಸುವುದು ಸಾಧ್ಯ. ಜೊತೆಗೇ ಎರಡು ಮಧ್ಯಂತರ ಅರ್ಜಿಗಳು ಬೇಕು. ಖಾತೆದಾರರ ವಿವರವನ್ನೂ ಖಾತೆಯ ಲೆಕ್ಕವನ್ನೂ ಹಾಜರುಪಡಿಸಲು ಬ್ಯಾಂಕಿಗೆ ಆದೇಶಿಸುವಂತೆ ಒಂದು. ಬ್ಯಾಂಕಿನ ಪುಸ್ತಕಗಳ ಪರಿಶೀಲನೆಗೆ ಆದೇಶಿಸುವ ಅಧಿಕಾರವನ್ನು 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಉಳಿದಿರುವ 1,20,000 ರೂಪಾಯಿ ಹೊರಹೋಗದಂತೆ ತಾತ್ಕಾಲಿಕ ನಿರ್ಬಂಧಕಾಜ್ಞೆ ಕೋರಿ ಇನ್ನೊಂದು. ನ್ಯಾಯಾಲಯ ಆದೇಶಿಸಿದ ಮೇಲೆ ಬ್ಯಾಂಕಿಗೆ ಗೋಪ್ಯತೆಯ ಅಡ್ಡಿ ಉಳಿಯುವುದಿಲ್ಲ. ದಾವೆಯ ನೋಟಿಸು ಕೈಸೇರಿದಾಗಲೇ ಹಣ ಕೊಟ್ಟು ಕೈತೊಳೆದುಕೊಳ್ಳಲು ಮುಂದಾಗುವವರೂ ಇರುತ್ತಾರೆ. ಆದರೆ ಇದಕ್ಕೆಲ್ಲ ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ, ಅಲೆದಾಟಗಳಿವೆ. 1,80,000ಕ್ಕೆ ಇದು ಹೇಗೋ ಸರಿ. 8,000 ರೂಪಾಯಿ ಕಳೆದುಕೊಂಡ ಕೂಲಿಕಾರ್ಮಿಕರಿಗೆ ಇದು ದಾರಿಯೇ ಅಲ್ಲ.

ಪೊಲೀಸ್ ಠಾಣೆಯ ದಾರಿ ಇನ್ನೂ ಕಿರಿದು. ತನ್ನದಲ್ಲವೆಂದು ತಿಳಿದ ಮೇಲೂ ಹಣವನ್ನು ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ. 2024ರ ಜುಲೈಗೆ ಮುನ್ನ ಇದು ದಂಡ ಸಂಹಿತೆಯ 403ನೇ ಕಲಂ ಆಗಿತ್ತು. ಹೊಸ ಸಂಹಿತೆ ಕನಿಷ್ಠ ಆರು ತಿಂಗಳ, ಗರಿಷ್ಠ ಎರಡು ವರ್ಷಗಳ ಸೆರೆವಾಸ ಮತ್ತು ದಂಡವನ್ನು ಗೊತ್ತುಪಡಿಸಿದೆ. ಆದರೆ ಇದು ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ‘ಇದು ಸಿವಿಲ್ ವ್ಯಾಜ್ಯ’ ಎಂದು ಠಾಣೆಯವರು ಹೇಳಿ ಕಳುಹಿಸುವುದರ ಹಿಂದೆ ಸೋಮಾರಿತನದ ಜೊತೆಗೆ ಈ ಕಾರಣವೂ ಇದೆ. ಇಲ್ಲಿ ಸಾಬೀತಾಗಬೇಕಾದದ್ದು ಹಣ ಬಂದದ್ದಲ್ಲ, ತಿಳಿದೂ ಉಳಿಸಿಕೊಂಡದ್ದು. ಬ್ಯಾಂಕು ಖಾತೆದಾರರಿಗೆ ಲಿಖಿತವಾಗಿ ತಿಳಿಸಿದ ದಿನಾಂಕ ಇದಕ್ಕೆ ಮುಖ್ಯ ಸಾಕ್ಷ್ಯ. ಆದ್ದರಿಂದ ಫೋನು ಮಾಡಿದರೆ ಸಾಲದು, ಪತ್ರ ಬರೆಯಿರಿ ಎಂದು ಸ್ವೀಕರಿಸಿದ ಬ್ಯಾಂಕನ್ನು ಮೊದಲೇ ಒತ್ತಾಯಿಸಬೇಕು.

ಈ ಗೊಂದಲಕ್ಕೆ ಪರಿಹಾರವಿಲ್ಲವೆಂದೇನಲ್ಲ. ಯುರೋಪ್ ಒಕ್ಕೂಟದ 2015ರ ಪಾವತಿ ಸೇವೆಗಳ ನಿರ್ದೇಶನದ 88ನೇ ವಿಧಿಯೂ, ನಮ್ಮ 2010ರ ಸುತ್ತೋಲೆಯಂತೆಯೇ, ತಪ್ಪು ಸಂಖ್ಯೆ ಕೊಟ್ಟರೆ ಬ್ಯಾಂಕು ಹೊಣೆಯಲ್ಲ ಎಂದು ಹೇಳುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಹಣ ಮರಳಿ ಪಡೆಯಲು ಕಳುಹಿಸಿದ ಬ್ಯಾಂಕು ಸೂಕ್ತ ಪ್ರಯತ್ನ ಮಾಡಬೇಕು, ಸ್ವೀಕರಿಸಿದ ಬ್ಯಾಂಕು ಅದಕ್ಕೆ ಬೇಕಾದ ಮಾಹಿತಿ ಕೊಟ್ಟು ಸಹಕರಿಸಬೇಕು, ಪ್ರಯತ್ನ ವಿಫಲವಾದರೆ ದಾವೆ ಹೂಡಲು ಅಗತ್ಯವಾದ ಲಭ್ಯ ಮಾಹಿತಿಯನ್ನು ಗ್ರಾಹಕರು ಲಿಖಿತವಾಗಿ ಕೇಳಿದಾಗ ಒದಗಿಸಬೇಕು ಎಂದೂ ಅದು ವಿಧಿಸುತ್ತದೆ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ತನ್ನ 2017ರ ನಿಯಮಗಳಲ್ಲಿ ಇದನ್ನು ಉಳಿಸಿಕೊಂಡಿದೆ. ಖಾತೆದಾರರ ಗೋಪ್ಯತೆಗೆ ಆ ದೇಶಗಳು ನಮಗಿಂತ ಕಡಿಮೆ ಬೆಲೆ ಕೊಡುತ್ತವೆಂದು ಯಾರೂ ಹೇಳಲಾರರು.

ರಿಸರ್ವ್ ಬ್ಯಾಂಕ್ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ, 2010ರಂತೆ ಇನ್ನೊಂದು ಸುತ್ತೋಲೆ ಸಾಕು. ಕೋರಿಕೆ ತಲುಪಿದ ದಿನವೇ ವಿವಾದಿತ ಮೊತ್ತಕ್ಕೆ ಮಾತ್ರ ನಿಗದಿತ ಅವಧಿಯ ತಡೆ. ಆ ಅವಧಿಯೊಳಗೆ ಖಾತೆದಾರರಿಗೆ ಲಿಖಿತ ನೋಟಿಸು. ಹಣ ತನ್ನದೆಂದು ಹೇಳುವವರಿಂದ ಅದಕ್ಕೆ ಆಧಾರ ಕೇಳುವ ಅಧಿಕಾರ. ಉತ್ತರ ಬಾರದಿದ್ದರೆ ಹೆಸರು, ವಿಳಾಸವನ್ನು ದಾವೆಯ ಉದ್ದೇಶಕ್ಕಾಗಿ ಕಳುಹಿಸಿದವರ ಬ್ಯಾಂಕಿಗೆ ಒದಗಿಸುವ ಕರ್ತವ್ಯ. ಸುಳ್ಳು ಕೋರಿಕೆ ಸಲ್ಲಿಸುವವರನ್ನು ತಡೆಯಲು, ತಪ್ಪು ಸಂಖ್ಯೆ ಮತ್ತು ಸರಿಯಾದ ಸಂಖ್ಯೆಗಳ ನಡುವಿನ ಹೋಲಿಕೆಯನ್ನೇ ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ಇಷ್ಟು ನಿಯಮವಿದ್ದಿದ್ದರೆ ಮೈಸೂರಿನ ಶಿಕ್ಷಕಿಯ 1,80,000 ರೂಪಾಯಿಯೂ ಶನಿವಾರ ಸಂಜೆಯ ವೇಳೆಗೆ ಕಲಬುರಗಿಯ ಖಾತೆಯಲ್ಲೇ ನಿಂತಿರುತ್ತಿತ್ತು. ಈಗ ಆಕೆಯ ಕೈಯಲ್ಲಿರುವುದು ದೂರಿನ ಸಂಖ್ಯೆ, ಯುಟಿಆರ್ ಸಂಖ್ಯೆ ಮತ್ತು ಮೂರು ವರ್ಷಗಳ ಕಾಲಮಿತಿ.